‘ನೀರು ಬರುತ್ತಿಲ್ಲ’ ಎಂದು ಹುಡುಕುವವರಿಗೆ ಫುಟ್ ವಾಲ್ವ್ ಗೊತ್ತಿಲ್ಲ

(ಉಡುಪಿಯಲ್ಲಿ ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುವ ಕೆಲವರು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಗೋಳಿಬಜೆ ತಿಂದ ಕೈ ಒರೆಸಿಕೊಂಡು ಎಲ್ಲರೂ ಒಮ್ಮೆ ಫೋನ್ ತೆಗೆಯಿರಿ. ಒಂದು ಸಣ್ಣ ಆಟ ಆಡೋಣ.

ನಿಮ್ಮ ಮನೆಯ ಬಾವಿಯ ಪಂಪು ಹಾಕಿದ್ದೀರಿ. ಸದ್ದು ಕೇಳುತ್ತಿದೆ. ಟ್ಯಾಂಕಿಗೆ ನೀರು ಬೀಳುತ್ತಿಲ್ಲ. ರಿಪೇರಿಯವರು ಫೋನ್ ಎತ್ತುತ್ತಿಲ್ಲ, ಯಾಕೆಂದರೆ ಇವತ್ತು ಭಾನುವಾರ. ಯೂಟ್ಯೂಬ್ ತೆರೆದು ಏನಂತ ಹುಡುಕುತ್ತೀರಿ? ಯೋಚನೆ ಮಾಡಬೇಡಿ, ಸುಮ್ನೆ ಟೈಪ್ ಮಾಡಿ.

ಆಯಿತಾ? ಒಬ್ಬೊಬ್ಬರೇ ಓದಿ.

‘ಪಂಪು ನೀರು ಬರುವುದಿಲ್ಲ.’ ಸರಿ. `motor on aguthe neeru barthilla`. ಇದು ಇಂಗ್ಲಿಷ್ ಅಕ್ಷರದ ಕನ್ನಡ. `pump running but no water`. ‘ಮೋಟರ್ ಓಡುತ್ತದೆ ನೀರಿಲ್ಲ.’ ಹಿಂದೆ ಕೂತಿರುವ ಅಣ್ಣ ಒಬ್ಬರು ಮಾತ್ರ ‘ಫುಟ್ ವಾಲ್ವ್ ಲೀಕ್’ ಅಂತ ಬರೆದಿದ್ದಾರೆ. ನೀವು ಏನು ಕೆಲಸ ಮಾಡುವುದು? ಎಲೆಕ್ಟ್ರಿಷಿಯನ್! ಅದೇ ಅಂದುಕೊಂಡೆ.

ಇವತ್ತು ನಾನು ಹೇಳಬೇಕಾದದ್ದು ಹೆಚ್ಚು ಕಡಿಮೆ ಇಷ್ಟೇ. ಗೊತ್ತಿರುವವರು ಕಾರಣದ ಹೆಸರು ಬರೆಯುತ್ತಾರೆ. ಗೊತ್ತಿಲ್ಲದವರು ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ. ವೀಡಿಯೊ ಮಾಡುವವರು ಗೊತ್ತಿರುವವರು, ಹುಡುಕುವವರು ಗೊತ್ತಿಲ್ಲದವರು. ಟೈಟಲ್ ಬರೆಯುವಾಗ ನಾವು ಎಡವುವುದು ಅಲ್ಲೇ.

ನನ್ನ ಕೆಲಸ ವೀಡಿಯೊ ಎಡಿಟಿಂಗ್. ಪಂಪಿನ ವಿಷಯ ನಾನು ಕಲಿತದ್ದು ನಮ್ಮ ಕಡೆಯ ಒಬ್ಬ ಪಂಪು ರಿಪೇರಿಯವರಿಂದ. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನನಗೇ ಬೈಯುತ್ತಾರೆ. ಅವರು ಒಳ್ಳೆಯ ವೀಡಿಯೊ ಒಂದು ಮಾಡಿದ್ದರು. ಆರು ನಿಮಿಷ. ಬಾವಿಯ ಪಂಪು ಓಡಿದರೂ ನೀರು ಎತ್ತದಿದ್ದರೆ ಮೊದಲು ಏನು ನೋಡಬೇಕು ಅಂತ. ಟೈಟಲ್ ಹೀಗಿತ್ತು:

```
ಭಾಗ 7 | ಪಂಪ್ ಸೆಟ್ ಮಾಹಿತಿ | ಫುಟ್ ವಾಲ್ವ್ ಸರ್ವಿಸ್ ಮಾಡುವ ವಿಧಾನ
```

ಯಾರೂ ನೋಡುತ್ತಿಲ್ಲ ಮಾರಾಯ, ಅಂತ ನನ್ನ ಹತ್ತಿರ ಬಂದರು.

ವೀಡಿಯೊದಲ್ಲಿ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಅದಿಲ್ಲದೆ ಟೈಟಲ್ ವಿಷಯ ಅರ್ಥವಾಗುವುದಿಲ್ಲ. ಬಾವಿಯ ಮೇಲೆ ಕೂರಿಸಿದ ಪಂಪಿನಿಂದ ಒಂದು ಪೈಪು ನೀರಿಗೆ ಇಳಿದಿರುತ್ತದೆ. ಆ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದೆ. ಅದು ಒಂದೇ ಕಡೆಗೆ ತೆರೆಯುವ ಬಾಗಿಲು. ನೀರು ಮೇಲೆ ಹೋಗಬಹುದು, ಕೆಳಗೆ ಇಳಿಯುವ ಹಾಗಿಲ್ಲ. ಪಂಪು ನಿಂತಾಗಲೂ ಪೈಪಿನಲ್ಲಿ ನೀರು ತುಂಬಿಕೊಂಡೇ ಇರಬೇಕು. ಎಲೆಯೋ ಕಸವೋ ಸಿಕ್ಕಿಕೊಂಡರೆ, ಇಲ್ಲವೇ ಒಳಗಿನ ವಾಷರ್ ಸವೆದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನೀರು ಬಾವಿಗೆ ಇಳಿದು ಹೋಗುತ್ತದೆ. ಮರುದಿನ ಪಂಪು ಹಾಕಿದಾಗ ಒಳಗೆ ಗಾಳಿ ಮಾತ್ರ. ಪಂಪು ಓಡುತ್ತದೆ, ನೀರು ಬರುವುದಿಲ್ಲ.

ಪರೀಕ್ಷೆ ಸುಲಭ. ಪಂಪು ನಿಲ್ಲಿಸಿ, ಮೇಲಿನ ಬಿರಡೆ ತೆಗೆದು, ನೀರು ತುಂಬಿಸಿ ಕಾಯಬೇಕು. ತುಂಬಿಸಿದ ನೀರು ಕಣ್ಣೆದುರೇ ಇಳಿಯುತ್ತಾ ಹೋದರೆ ಫುಟ್ ವಾಲ್ವ್ ಮೇಲೆ ಮೊದಲ ಅನುಮಾನ. ನೀರು ನಿಂತರೂ ಪಂಪು ಎತ್ತದಿದ್ದರೆ ಬೇರೆ ಕಡೆ ನೋಡಬೇಕು. ಪೈಪಿನ ಜಾಯಿಂಟಲ್ಲಿ ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಬೇಸಿಗೆಯಲ್ಲಿ ಬಾವಿಯ ನೀರು ತುಂಬಾ ಕೆಳಗೆ ಹೋಗಿರಬಹುದು. ಹೀರುವ ಪಂಪಿಗೆ ಒಂದು ಮಿತಿ ಇದೆಯಲ್ವಾ. ಲೆಕ್ಕದಲ್ಲಿ ಸುಮಾರು 10 ಮೀಟರ್, ಕೆಲಸದಲ್ಲಿ ಆರೇಳು ಮೀಟರ್.

ಈಗ ಹೇಳಿ. ಈ ವೀಡಿಯೊ ಯಾರಿಗೆ ಬೇಕು? ಭಾನುವಾರ ನೀರಿಲ್ಲದೆ ಕೂತ ಮನೆಯವರಿಗೆ. ಅವರಿಗೆ ಫುಟ್ ವಾಲ್ವ್ ಅನ್ನುವ ಹೆಸರು ಗೊತ್ತಿದೆಯಾ? ವೀಡಿಯೊ ನೋಡಿದ ಮೇಲೆ ಗೊತ್ತಾಗುತ್ತದೆ! ಉತ್ತರವನ್ನೇ ಪ್ರಶ್ನೆಯ ಜಾಗದಲ್ಲಿ ಇಟ್ಟ ಹಾಗಾಯಿತು. ಅದೂ ಸಾಲದು ಅಂತ ಅದರ ಮುಂದೆ ‘ಭಾಗ 7’. ಆರನೇ ಭಾಗ ನೋಡಿದವರಿಗೆ ಬಿಟ್ಟು ಬೇರೆ ಯಾರಿಗೂ ಅದು ಬೇಡ.

ಮೊದಲು ನಾನೂ ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ‘ಈ ಒಂದು ತಪ್ಪು ಮಾಡಿದರೆ ನಿಮ್ಮ ಪಂಪು ಹಾಳು!’ ಅಂತ ಬದಲಿಸಿದೆ. ಹೋಮ್ ಪೇಜಲ್ಲಿ ಸುಮ್ಮನೆ ಬೆರಳಾಡಿಸುತ್ತಾ ಹೋಗುವವರಿಗೆ ಇಂಥ ಮಾತು ಕುತೂಹಲ ಹುಟ್ಟಿಸಬಹುದು. ಆದರೆ ಹುಡುಕಿಕೊಂಡು ಬಂದವರಿಗೆ ಕುತೂಹಲ ಬೇಡ. ಅವರ ಕೈಯಲ್ಲಿ ಖಾಲಿ ಬಕೆಟ್ ಇದೆ. ‘ಹೌದು, ನಿಮ್ಮ ಮನೆಯಲ್ಲಿ ಆದದ್ದೇ ಇದು’ ಎಂದು ಟೈಟಲ್ ಹೇಳಬೇಕು. ನನ್ನ ಟೈಟಲಲ್ಲಿ ನೀರು ಅನ್ನುವ ಪದವೇ ಇರಲಿಲ್ಲ.

ಜನ ಏನಕ್ಕೆ ಹುಡುಕುತ್ತಾರೆ ಅನ್ನುವುದರ ಬಗ್ಗೆ ಹಳೆಯ ವಿಂಗಡಣೆ ಒಂದಿದೆ. 2002ರಲ್ಲಿ ಆಂಡ್ರೇ ಬ್ರೋಡರ್ ವೆಬ್ ಹುಡುಕಾಟವನ್ನು ಮೂರು ಬಗೆ ಮಾಡಿದರು. ಏನೋ ತಿಳಿಯಬೇಕು, ಗೊತ್ತಿರುವ ಒಂದು ಜಾಗಕ್ಕೆ ಹೋಗಬೇಕು, ಏನೋ ಕೆಲಸ ಆಗಬೇಕು. ಇವತ್ತಿಗೂ ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾರೆ. ನಮಗೆ ಅದು ಸಾಲುವುದಿಲ್ಲ. ಯೂಟ್ಯೂಬಿನಲ್ಲಿ ‘ತಿಳಿಯಬೇಕು’ ಅನ್ನುವುದರ ಒಳಗೇ ಬೇರೆ ಬೇರೆ ಮನಸ್ಸುಗಳಿವೆ. ಪಂಪು ಕೆಟ್ಟವರು ಒಂದು ಬಗೆ. ಪಂಪು ಕೊಳ್ಳಬೇಕಾದವರು ಇನ್ನೊಂದು ಬಗೆ, ಅವರು ಎಷ್ಟು ಎಚ್‌ಪಿ, ಎಷ್ಟು ಬೆಲೆ ಅನ್ನುವುದರಿಂದ ಶುರು ಮಾಡುತ್ತಾರೆ. ಐಟಿಐ ಹುಡುಗರು ಮೂರನೆಯ ಬಗೆ. ಅವರು ಮಾತ್ರ ‘ಫುಟ್ ವಾಲ್ವ್ ಅಂದರೆ ಏನು’ ಅಂತ ಹುಡುಕಿಯಾರು. ವೀಡಿಯೊ ಒಂದೇ ಇರಬಹುದು, ಮೂವರಿಗೂ ಮೊದಲ ಪದ ಬೇರೆ. ಯಾರಿಗಾಗಿ ಅಂತ ಒಬ್ಬರನ್ನು ಆರಿಸಲೇಬೇಕು.

ಮೊದಲ ಪದವೇ ಯಾಕೆ ಮುಖ್ಯ ಅಂತ ಕೇಳಬಹುದು. ಟೈಟಲಿಗೆ ಯೂಟ್ಯೂಬ್ 100 ಅಕ್ಷರ ಕೊಡುತ್ತದೆ. ಮೊದಲ ಪದಕ್ಕೆ ಯೂಟ್ಯೂಬ್ ಜಾಸ್ತಿ ಮಾರ್ಕು ಕೊಡುತ್ತದೆ ಅಂತ ಕೋರ್ಸ್ ಮಾರುವವರು ಹೇಳುತ್ತಾರೆ. ಯೂಟ್ಯೂಬ್ ಹೇಳಿಕೊಂಡಿರುವುದು ಬೇರೆ. ಟೈಟಲ್, ಟ್ಯಾಗ್, ವಿವರಣೆ, ವೀಡಿಯೊದ ಒಳಗಿನ ವಿಷಯ, ಇವು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತವೆ ಅಂತ ನೋಡುತ್ತೇವೆ ಎಂದಿದೆ. ಜನ ಆ ವೀಡಿಯೊವನ್ನು ಎಷ್ಟು ನೋಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ನಾನು ಮೊದಲ ಪದದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಯಂತ್ರಕ್ಕಾಗಿ ಅಲ್ಲ, ಕಣ್ಣಿಗಾಗಿ. ಫೋನಿನಲ್ಲಿ ಟೈಟಲ್ ಎರಡು ಸಾಲಿಗೆ ಮುಗಿಯುತ್ತದೆ, ಉಳಿದದ್ದಕ್ಕೆ ಚುಕ್ಕಿ. ಕನ್ನಡ ಅಕ್ಷರ ಅಗಲ ಬೇರೆ. ಇಂಗ್ಲಿಷಿನಲ್ಲಿ ಹಿಡಿಸುವಷ್ಟು ಇಲ್ಲಿ ಹಿಡಿಸುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ನಮ್ಮವರಿಗೆ ಗೊತ್ತಿರಲಿ. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಒಂದು ಅಕ್ಷರ ಒಂದಲ್ಲ. ‘ತ್ತಿ’ ನಮಗೆ ಒಂದು. ಯೂನಿಕೋಡಿಗೆ ತ, ಅರ್ಧಮಾಡುವ ಚಿಹ್ನೆ, ಮತ್ತೆ ತ, ಕೊನೆಗೆ ಇಕಾರ, ಒಟ್ಟು ನಾಲ್ಕು. ‘ಬರುತ್ತಿಲ್ಲ’ ಅನ್ನುವ ಒಂದೇ ಪದ ಹತ್ತಾಗುತ್ತದೆ. ನೂರು ಅಂದುಕೊಂಡದ್ದು ಬೇಗ ಖಾಲಿಯಾಗುವುದು ಹೀಗೆ.

ಸರಿ, ಪದ ಎಲ್ಲಿಂದ ತರುವುದು? ಎಲ್ಲರೂ ಹೇಳುವ ದಾರಿ ಯೂಟ್ಯೂಬಿನ ಹುಡುಕು ಪೆಟ್ಟಿಗೆ. ಅಕೌಂಟಿಂದ ಹೊರಗೆ ಬಂದು, ‘ಪಂಪು’ ಅಂತ ಬರೆದು ನಿಲ್ಲಿಸಿದರೆ ಕೆಳಗೆ ಸಲಹೆಗಳು ಬರುತ್ತವೆ. ಅವು ಜನ ಹುಡುಕಿದ ಮಾತುಗಳಿಂದ ಬಂದವು. ಇದನ್ನು ಖಂಡಿತ ಮಾಡಿ. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ.

ಆದರೆ ನಮ್ಮ ಪಂಪಿನವರ ಹತ್ತಿರ ಅದಕ್ಕಿಂತ ಒಳ್ಳೆಯದೊಂದು ಇತ್ತು. ಅವರ ಫೋನು! ದಿನಾ ಜನ ಅವರಿಗೆ ಕರೆ ಮಾಡಿ ಮೊದಲು ಆಡುವ ಮಾತಿದೆಯಲ್ಲ, ಅದನ್ನೇ ಯೂಟ್ಯೂಬಿಗೂ ಹೇಳುವುದು. ಒಂದು ಸಣ್ಣ ಪುಸ್ತಕ ಕೊಟ್ಟೆ. ಎರಡು ವಾರ, ಪ್ರತಿ ಕರೆಯ ಮೊದಲ ವಾಕ್ಯ ಮಾತ್ರ ಬರೆದಿಡಿ, ತಿದ್ದಬೇಡಿ ಅಂದೆ. ಅವರು ತಿದ್ದಿದರು! ‘ಸಕ್ಷನ್ ಪ್ರಾಬ್ಲಂ’ ಅಂತ ಬರೆದಿದ್ದರು. ಅಣ್ಣ, ಆ ಅಮ್ಮ ಹಾಗೆಯೇ ಹೇಳಿದ್ರಾ ಅಂತ ಕೇಳಿದೆ. ‘ಇಲ್ಲ ಮಾರಾಯ, ಅವ್ರು ಪಂಪು ಪಾಡ್ಯೆ ನೀರ್ ಬರ್ಪುಜಿ ಅಂದ್ರು’ ಅಂದರು. ಪಂಪು ಹಾಕಿದೆ, ನೀರು ಬರುವುದಿಲ್ಲ ಅಂತ ತುಳುವಿನಲ್ಲಿ. ಹಾಗೇ ಬರೆಯಿರಿ ಅಂದೆ.

ಪುಸ್ತಕ ನೋಡಿದಾಗ ನನಗೆ ಗೊತ್ತಿರದ ಒಂದು ವಿಷಯ ಸಿಕ್ಕಿತು. ನೀರು ಬರುತ್ತಿಲ್ಲ ಅನ್ನುವುದು ಒಂದು ದೂರಲ್ಲ, ಮೂರ್ನಾಲ್ಕು. ‘ಪಂಪು ಓಡ್ತದೆ, ನೀರು ಬರುದಿಲ್ಲ’ ಅನ್ನುವವರು ಕೆಲವರು. ‘ಸ್ವಲ್ಪ ಬಂದು ನಿಲ್ತದೆ’ ಅನ್ನುವವರು ಕೆಲವರು. ‘ಹೂಂ ಅಂತ ಸದ್ದು ಮಾಡ್ತದೆ, ತಿರುಗುದಿಲ್ಲ’ ಅನ್ನುವವರು ಇನ್ನು ಕೆಲವರು. ಮೂರನ್ನೂ ನಾನು ಒಂದೇ ಟೈಟಲಲ್ಲಿ ಹಿಡಿಯಲು ಹೊರಟಿದ್ದೆ. ಪಂಪಿನವರು ನಕ್ಕರು. ಹೂಂ ಅಂತ ಸದ್ದು ಮಾಡಿ ತಿರುಗದೆ ಇದ್ದರೆ ಸಿಂಗಲ್ ಫೇಸ್ ಮೋಟರಿನ ಕೆಪಾಸಿಟರ್ ಹೋಗಿರಬಹುದು, ಇಲ್ಲ ಜಾಮ್ ಆಗಿರಬಹುದು, ಅದಕ್ಕೂ ಫುಟ್ ವಾಲ್ವಿಗೂ ಸಂಬಂಧ ಇಲ್ಲ. ಸ್ವಲ್ಪ ಬಂದು ನಿಂತರೆ ಬಾವಿಯ ನೀರೇ ಕಡಿಮೆ ಇರಬಹುದು. ನಮ್ಮ ವೀಡಿಯೊ ಉತ್ತರ ಹೇಳುವುದು ಮೊದಲನೆಯವರಿಗೆ ಮಾತ್ರ.

ಹಾಗಾಗಿ ಟೈಟಲಿನ ಮೊದಲ ಪದ ‘ನೀರು’ ಅಲ್ಲ, ‘ಪಂಪ್ ಓಡುತ್ತದೆ’ ಅಂತ ಆಯಿತು. ನೀರು ಬಾರದ ಎಲ್ಲರನ್ನೂ ಕರೆಯದೆ, ಪಂಪು ಓಡುತ್ತಿರುವವರನ್ನು ಮಾತ್ರ ಕರೆಯುವುದು. ಕೊನೆಗೆ ನಿಂತದ್ದು ಇದು:

```
ಪಂಪ್ ಓಡುತ್ತದೆ, ನೀರು ಬರುತ್ತಿಲ್ಲ? ಫುಟ್ ವಾಲ್ವ್ ಪರೀಕ್ಷೆ | motor on no water
```

ಮೊದಲ ತುಂಡು ದೂರು. ಎರಡನೆಯದು ಉತ್ತರ, ಐಟಿಐ ಹುಡುಗರಿಗೂ ಆಯಿತು. ಕೊನೆಯ ಇಂಗ್ಲಿಷ್ ತುಂಡು ಕಣ್ಣಿಗಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗೆ. ಚುಕ್ಕಿಯ ಹಿಂದೆ ಮುಚ್ಚಿಹೋದರೂ ನಷ್ಟವಿಲ್ಲ. ‘ಮೋಟರ್’ ಅನ್ನುವ ಪದವನ್ನು ಅಲ್ಲಿ ಇಟ್ಟದ್ದಕ್ಕೆ ಕಾರಣ ಇದೆ. ನಾವು ಇಲ್ಲಿ ಪಂಪು ಹಾಕುತ್ತೇವೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಮೋಟರ್ ಆನ್ ಮಾಡುತ್ತಾಳೆ. ಯಂತ್ರ ಒಂದೇ, ಪದ ಬೇರೆ. ಮೊದಲ ಪದಕ್ಕೆ ಪಂಪ್ ಇಟ್ಟದ್ದು ಈ ಚಾನೆಲ್ ನೋಡುವವರು ಜಾಸ್ತಿ ನಮ್ಮ ಕಡೆಯವರೇ ಅಂತ. ಚಿತ್ರದುರ್ಗದ ಚಾನೆಲ್ ಆಗಿದ್ದರೆ ತಿರುಗಿಸುತ್ತಿದ್ದೆ.

ತುಳುವಿನಲ್ಲಿ ಯಾಕೆ ಇಡಲಿಲ್ಲ ಅಂತ ಪಂಪಿನವರೇ ಕೇಳಿದರು. ಜನ ಫೋನಿನಲ್ಲಿ ತುಳು ಮಾತಾಡುತ್ತಾರೆ ನಿಜ. ಆದರೆ ನಮ್ಮ ಪೆಟ್ಟಿಗೆಯ ಲಿಸ್ಟಲ್ಲಿ ತುಳು ಮಾತು ಕಾಣಲಿಲ್ಲ. ಮಾತಾಡುವ ಭಾಷೆ ಒಂದು, ಟೈಪ್ ಮಾಡುವ ಭಾಷೆ ಒಂದು. ಹಾಗಾಗಿ ಕರೆಯಿಂದ ತೆಗೆದುಕೊಂಡದ್ದು ಮಾತಿನ ಕ್ರಮವನ್ನು. ಮೊದಲು ಪಂಪು, ಆಮೇಲೆ ನೀರು. ಪದಗಳನ್ನು ತೆಗೆದುಕೊಂಡದ್ದು ಪೆಟ್ಟಿಗೆಯಿಂದ. ಉಡುಪಿ ಅನ್ನುವ ಹೆಸರನ್ನೂ ಬಿಟ್ಟೆ. ನೀರು ಬಾರದವರಿಗೆ ಊರು ಯಾವುದಾದರೂ ಒಂದೇ. ಊರಿನ ಹೆಸರು ಹಾಕಿ ಹುಡುಕುವವರಿಗೆ ರಿಪೇರಿಯವರ ನಂಬರ್ ಬೇಕಿರುತ್ತದೆ, ಅವರು ಮ್ಯಾಪ್ ತೆರೆಯುತ್ತಾರೆ.

ಟೈಟಲ್ ಬದಲಿಸಿದ್ದಷ್ಟೇ ಸಾಕಾಗಲಿಲ್ಲ. ವೀಡಿಯೊದ ಮೊದಲ ಮುಕ್ಕಾಲು ನಿಮಿಷ ನಮಸ್ಕಾರ, ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ, ಕಳೆದ ಭಾಗದಲ್ಲಿ ನೋಡಿದ್ದೇನೆಂದರೆ. ಪಂಪ್ ಓಡುತ್ತದೆ ನೀರು ಬರುತ್ತಿಲ್ಲ ಅಂತ ಕರೆದು, ಬಂದವರಿಗೆ ಮುಕ್ಕಾಲು ನಿಮಿಷ ಪಂಪೇ ತೋರಿಸದಿದ್ದರೆ? ಅದನ್ನು ಕತ್ತರಿಸಿದೆ. ಅಪ್‌ಲೋಡ್ ಆದ ವೀಡಿಯೊದ ಒಂದು ತುಂಡನ್ನು ಸ್ಟುಡಿಯೋದ ಎಡಿಟರಲ್ಲೇ ತೆಗೆಯಬಹುದು, ಲಿಂಕ್ ಬದಲಾಗುವುದಿಲ್ಲ. ಈಗ ಶುರುವಿಗೇ ಪಂಪಿನ ಸದ್ದು, ಒಣ ಪೈಪಿನ ಬಾಯಿ. ಟೈಟಲಿನ ಮೊದಲ ಪದ ಏನು ಹೇಳಿತೋ ಅದೇ ಮೊದಲ ಚಿತ್ರ.

ಸರಿಯಾಯಿತಾ ಅಂತ ನೋಡುವುದು ಹೇಗೆ? ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವೀಡಿಯೊದ ಅನಲಿಟಿಕ್ಸ್ ತೆರೆಯಿರಿ. ಜನ ಎಲ್ಲಿಂದ ಬಂದರು ಅನ್ನುವಲ್ಲಿ `YouTube search` ಒತ್ತಿದರೆ ಅವರು ಹುಡುಕಿದ ಮಾತುಗಳ ಲಿಸ್ಟ್ ಬರುತ್ತದೆ. ಅಡ್ವಾನ್ಸ್ಡ್ ಮೋಡಿಗೆ ಹೋದರೆ ಪ್ರತಿ ಮಾತಿನ ಎದುರು ಸರಾಸರಿ ಎಷ್ಟು ಹೊತ್ತು ನೋಡಿದರು ಅಂತಲೂ ಇರುತ್ತದೆ. ನಾನು ನೋಡುವುದು ಈ ಎರಡನ್ನು ಒಟ್ಟಿಗೆ. ನಮ್ಮ ಲಿಸ್ಟಲ್ಲಿ ಸದ್ದು ಮಾತ್ರ ಬರುತ್ತದೆ, ತಿರುಗುವುದಿಲ್ಲ ಅನ್ನುವ ಮಾತೂ ಇತ್ತು. ಹಾಗೆ ಹುಡುಕಿದವರು ಬೇಗ ಎದ್ದು ಹೋಗಿದ್ದರು. ಅದು ಈ ವೀಡಿಯೊದ ತಪ್ಪಲ್ಲ. ಅದಕ್ಕೆ ಬೇರೆಯೇ ವೀಡಿಯೊ ಬೇಕು, ಅದರ ಮೊದಲ ಪದ ಆಗಲೇ ಸಿಕ್ಕಿದೆ ಅಂತ ಅರ್ಥ. ಪಂಪಿನವರು ಅದನ್ನು ಮಾಡಿದರು ಕೂಡ.

ಕ್ಲಿಕ್ ಶೇಕಡ ಬಗ್ಗೆ ಒಂದು ಎಚ್ಚರ. 1000 ಸಲ ಕಣ್ಣಿಗೆ ಬಿದ್ದು 50 ಸಲ ಒತ್ತಿದರೆ 5%. ಯೂಟ್ಯೂಬೇ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್‌ಗಳು 2%ರಿಂದ 10%ರ ನಡುವೆ ಇರುತ್ತವೆ. ಆದರೆ ಹುಡುಕಿಕೊಂಡು ಬಂದವರು ಒತ್ತುವುದು ಬೇರೆ, ಹೋಮ್ ಪೇಜಿನವರು ಒತ್ತುವುದು ಬೇರೆ. ವೀಡಿಯೊ ಓಡಲು ಶುರುವಾಗಿ ಹೋಮ್ ಪೇಜಿಗೂ ಬಂದರೆ ಒಟ್ಟು ಶೇಕಡ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಿ ಟೈಟಲ್ ಬದಲಿಸಿದವರನ್ನು ಕಂಡಿದ್ದೇನೆ. ಹುಡುಕಾಟದ್ದನ್ನು ಬೇರೆ ಮಾಡಿಯೇ ನೋಡಿ.

ಮತ್ತೆ ಮಳೆ. ಏಪ್ರಿಲಿನಲ್ಲಿ ಟೈಟಲ್ ಬದಲಿಸಿ, ಜುಲೈಯಲ್ಲಿ ನೋಡಿ, ‘ಜನ ಕಡಿಮೆ ಆದರು, ಹಳೆಯದೇ ಒಳ್ಳೆಯದಿತ್ತು’ ಅಂತ ಪಂಪಿನವರು ಬೇಸರ ಮಾಡಿಕೊಂಡರು. ಜುಲೈಯಲ್ಲಿ ನಮ್ಮ ಬಾವಿಯಲ್ಲಿ ನೀರು ಕೈಗೆ ಸಿಗುತ್ತದೆ ಮಾರಾಯ್ರೇ, ಪಂಪಿನ ಚಿಂತೆ ಯಾರಿಗೆ? ಗೂಗಲ್ ಟ್ರೆಂಡ್ಸಿನಲ್ಲಿ ವೆಬ್ ಬದಲು ಯೂಟ್ಯೂಬ್ ಹುಡುಕಾಟ ಅಂತ ಆರಿಸಿ ಪದ ಹಾಕಿದರೆ ವರ್ಷದ ಏರಿಳಿತ ಕಾಣುತ್ತದೆ. ಕಡಿಮೆ ಜನ ಹುಡುಕುವ ಪದವಾದರೆ ಅದು ಏನೂ ತೋರಿಸುವುದಿಲ್ಲ, ಆಗ ಜಾಸ್ತಿ ಜನ ಹುಡುಕುವ ಪದ ಹಾಕಿ ನೋಡಿ. ಏಪ್ರಿಲನ್ನು ಏಪ್ರಿಲಿಗೇ ಹೋಲಿಸಬೇಕು.

ಇಷ್ಟು ನನ್ನ ಮಾತು. ಪ್ರಶ್ನೆ?

*ನನ್ನದು ಅಡುಗೆ ಚಾನೆಲ್. ನೀರ್ ದೋಸೆ ಅಂತ ಶುರು ಮಾಡಿದರೆ ಸಾವಿರ ವೀಡಿಯೊ ಇದೆ. ನಾನು ಎಲ್ಲಿ ಕಾಣಿಸುತ್ತೇನೆ?*

ಅಕ್ಕ, ನೀರ್ ದೋಸೆ ಅಂತ ಮಾತ್ರ ಬರೆಯುವವರಿಗೆ ಅಳತೆ ಬೇಕು. ಅಲ್ಲಿ ಹಳೆಯ ದೊಡ್ಡ ಚಾನೆಲ್‌ಗಳ ಜೊತೆ ಜಗಳ. ಆದರೆ ಒಬ್ಬರು ಅಕ್ಕಿ ನೆನೆಸಿ ರುಬ್ಬಿ ಆಗಿದೆ, ಮೊದಲ ದೋಸೆ ಕಾವಲಿಗೆ ಅಂಟಿದೆ. ಅವರು ಈಗ ಫೋನ್ ತೆಗೆಯುತ್ತಾರೆ. ಅವರಿಗೆ ಅಳತೆ ಬೇಡ. ‘ನೀರ್ ದೋಸೆ ಅಂಟುತ್ತದೆ’ ಅಂತ ಶುರು ಮಾಡಿ. ಕಾವಲಿ ಕಾದಿಲ್ಲವೋ, ಸೋಪು ಹಾಕಿ ತೊಳೆದು ಎಣ್ಣೆಯ ಪಸೆ ಹೋಗಿದೆಯೋ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ‘ಅಂಟುತ್ತದೆ’ ಮತ್ತು ‘ಹರಿಯುತ್ತದೆ’ ಬೇರೆ ಬೇರೆ ದೂರು, ಎರಡನ್ನೂ ಒಂದೇ ಟೈಟಲಿಗೆ ತುರುಕಬೇಡಿ. ‘ಅಜ್ಜಿಯ ಗುಟ್ಟು’ ಥಂಬ್‌ನೇಲಲ್ಲಿ ಇರಲಿ ಬೇಕಿದ್ದರೆ.

*ನಾವು ಯಕ್ಷಗಾನದ ತುಣುಕು ಹಾಕುತ್ತೇವೆ. ಮೊದಲು ಪ್ರಸಂಗದ ಹೆಸರೋ, ಭಾಗವತರ ಹೆಸರೋ?*

ಇಲ್ಲಿ ದೂರು ಅಂತ ಯಾರೂ ಬರುವುದಿಲ್ಲ. ಬರುವವರಿಗೆ ಏನು ಬೇಕು ಅಂತ ಮೊದಲೇ ಗೊತ್ತಿದೆ, ಹೆಸರು ಹಿಡಿದೇ ಬರುತ್ತಾರೆ. ಯಾವ ಹೆಸರು ಅನ್ನುವುದು ತುಣುಕಿನ ಮೇಲೆ. ಒಂದು ಪದ್ಯದ ತುಣುಕಾದರೆ ಭಾಗವತರು ಮೊದಲು. ಇಡೀ ರಾತ್ರಿಯ ಆಟವಾದರೆ ಪ್ರಸಂಗ ಮೊದಲು. ಹಾಸ್ಯದ ತುಣುಕಾದರೆ ಹಾಸ್ಯಗಾರರ ಹೆಸರು. ಮೇಳದ ಹೆಸರು ನಿಮ್ಮ ಎಲ್ಲ ಟೈಟಲಿನ ಮೊದಲಿಗೂ ಇದೆ, ಈಗಷ್ಟೇ ನೋಡಿದೆ. ಅದು ನಮ್ಮ ಪಂಪಿನವರ ‘ಭಾಗ 7’ ಇದ್ದ ಹಾಗೆಯೇ. ಹಿಂದಕ್ಕೆ ಹಾಕಿ. ನಿಮ್ಮ ಲಿಸ್ಟಲ್ಲಿ ಜನ ಮೇಳದ ಹೆಸರಿನಿಂದಲೇ ಹುಡುಕಿ ಬರುತ್ತಿದ್ದರೆ ಮಾತ್ರ ನನ್ನ ಮಾತು ಬಿಟ್ಟುಬಿಡಿ. ಫೋನ್ ಕೈಯಲ್ಲೇ ಇದೆಯಲ್ವಾ, ಇಲ್ಲೇ ತೆರೆಯಿರಿ, ನೋಡೋಣ.